ಫೋನಿನಲ್ಲಿದ್ದ ನಲವತ್ತಾರು ಲಕ್ಷ

ತೊಗರಿ ಕಾಳನ್ನು ಹಲ್ಲಿನಡಿ ಕಡಿದು ಅದರಲ್ಲಿ ಎಷ್ಟು ಹಸಿ ಇದೆಯೆಂದು ಹೇಳಬಲ್ಲವನು ನಾನು. ಯಂತ್ರಕ್ಕಿಂತ ಮೊದಲು ಹೇಳುತ್ತೇನೆ, ಯಂತ್ರ ಬೇರೆ ಹೇಳಿದರೆ ಯಂತ್ರವನ್ನೇ ಬೈಯುತ್ತೇನೆ. ಆಳಂದದ ಮಾರುಕಟ್ಟೆ ಅಂಗಳದಲ್ಲಿ ಅಡತಿ ಅಂಗಡಿ ಇಟ್ಟು ಇಪ್ಪತ್ತೆಂಟು ವರ್ಷವಾಯಿತು. ರೈತರ ತೊಗರಿಯನ್ನು ಹರಾಜಿಗಿಟ್ಟು, ಖರೀದಿದಾರರಿಂದ ಹಣ ಪಡೆದು, ರೈತರಿಗೆ ಕೊಡುವುದು ನನ್ನ ಕೆಲಸ. ಈ ಇಪ್ಪತ್ತೆಂಟು ವರ್ಷದಲ್ಲಿ ಕಳಪೆ ಬೀಜ ಕೊಂಡು ಬಂದ ರೈತರಿಗೆ, ಲಾಟರಿ ಬಂದಿದೆ ಎಂಬ ಫೋನು ನಂಬಿದ ಹಮಾಲರಿಗೆ, ಚಿಟ್ ಫಂಡಿಗೆ ಕಟ್ಟಿದ ಪಕ್ಕದಂಗಡಿಯವನಿಗೆ ನಾನು ಕೊಟ್ಟ ಬುದ್ಧಿವಾದವನ್ನು ಚೀಲಕ್ಕೆ ತುಂಬಿದರೆ ಒಂದು ಲಾರಿಗೆ ಸಾಕಾಗುತ್ತಿತ್ತು. ನನ್ನಂಥವನಿಗೆ ಯಾರು ಮೋಸ ಮಾಡಿಯಾರು ಎಂಬ ಧಿಮಾಕು ನನಗಿತ್ತು. ಅದನ್ನು ಮುಚ್ಚಿಡುವಷ್ಟು ನಯವೂ ಇರಲಿಲ್ಲ.

ಆಷಾಢ ಕಳೆದು ಶ್ರಾವಣ ಬಂದರೆ ನಮ್ಮ ಅಂಗಳದಲ್ಲಿ ಕೆಲಸ ಕಮ್ಮಿ. ಹಳೆಯ ತೊಗರಿ ಮುಗಿದಿರುತ್ತದೆ, ಹೊಸ ಹೆಸರುಕಾಳು, ಉದ್ದು ಇನ್ನೂ ಬಂದಿರುವುದಿಲ್ಲ. ಗಾದಿಯ ಮೇಲೆ ಒರಗಿ ಫೋನು ತಿಕ್ಕುವುದೇ ವ್ಯಾಪಾರ. ಹಾಗೆ ತಿಕ್ಕುತ್ತಿದ್ದಾಗ ಒಂದು ಜಾಹೀರಾತು ಕಂಡಿತು. ಟಿವಿಯಲ್ಲಿ ಶೇರು ಮಾರುಕಟ್ಟೆಯ ಬಗ್ಗೆ ಮಾತನಾಡುವ ಹಿರಿಯರೊಬ್ಬರು ತುಟಿ ಅಲ್ಲಾಡಿಸುತ್ತ, ನನ್ನ ಗುಂಪಿಗೆ ಬನ್ನಿ, ಫೀಸು ಬೇಡ, ಎಂದರು. ತುಟಿಗೂ ಮಾತಿಗೂ ಸ್ವಲ್ಪ ಹೊಂದುತ್ತಿರಲಿಲ್ಲ. ನೆಟ್‌ವರ್ಕ್ ಸರಿ ಇಲ್ಲ ಅಂದುಕೊಂಡೆ. ನಮ್ಮ ಕಡೆ ಯಾವ ತಪ್ಪನ್ನಾದರೂ ನೆಟ್‌ವರ್ಕಿನ ಮೇಲೆ ಹಾಕಿಬಿಡಬಹುದು.

ಒತ್ತಿದೆ. ವಾಟ್ಸಾಪ್ ಗುಂಪೊಂದಕ್ಕೆ ಸೇರಿದೆ. ಅಲ್ಲಿ ನೂರಕ್ಕೂ ಹೆಚ್ಚು ಜನ, ಎಲ್ಲರೂ ಸಂತೋಷವಾಗಿದ್ದರು. ಸಂತೋಷದ ಅಷ್ಟೊಂದು ಜನರನ್ನು ನಾನು ಒಂದೇ ಕಡೆ ಎಂದೂ ಕಂಡಿರಲಿಲ್ಲ, ಅಲ್ಲೇ ಸಂಶಯ ಬರಬೇಕಿತ್ತು. ಒಬ್ಬ ಪ್ರೊಫೆಸರ್ ಇದ್ದರು. ಬೆಳಿಗ್ಗೆ ತಾಳ್ಮೆ, ಶಿಸ್ತು, ಕುಟುಂಬದ ಪ್ರೀತಿ ಇವುಗಳ ಬಗ್ಗೆ ಪ್ರವಚನ, ಮಧ್ಯಾಹ್ನ ಒಂದು ಶೇರಿನ ಹೆಸರು. ಅವರ ಸಹಾಯಕಿ ಒಬ್ಬ ಮೇಡಂ. ಆ ಮೇಡಂ ನನಗೆ ಪ್ರತ್ಯೇಕವಾಗಿ ಬರೆಯುತ್ತಿದ್ದಳು. ಸರ್, ಊಟ ಆಯಿತೇ? ಸರ್, ನಿಮ್ಮ ಆರೋಗ್ಯ ನೋಡಿಕೊಳ್ಳಿ. ನನ್ನ ಸಕ್ಕರೆ ಕಾಯಿಲೆಯ ಬಗ್ಗೆ ನನ್ನ ಡಾಕ್ಟರಿಗಿಲ್ಲದ ಕಾಳಜಿ ಅವಳಿಗಿತ್ತು.

ಹೆಂಡತಿ ಇದನ್ನು ಒಂದೆರಡು ದಿನ ನೋಡಿದಳು. ಮೂರನೇ ದಿನ ಬಾಯಿ ತೆರೆದಳು.

"ಆ ಮೇಡಂ ಉಂಡ್ರೇನು ಅಂತ ಕೇಳಿದ್ರ ಹಲ್ಲು ಕಿಸೀತೀರಿ. ನಾ ಕೇಳಿದ್ರ ಸಿಡಿಮಿಡಿ ಅಂತೀರಿ. ಅಕಿ ಕೂಡ ಶೇರ್ ಮಾಡಾಕತ್ತೀರೋ, ಸಂಸಾರ ಮಾಡಾಕತ್ತೀರೋ?"

"ನಿನಗ ತಿಳಿಯೂದಿಲ್ಲ ಬಿಡು. ಇದು ದೊಡ್ಡ ಮಂದೀ ವ್ಯವಹಾರ" ಅಂದೆ. ದೊಡ್ಡ ಮಂದಿಯಲ್ಲಿ ನನ್ನನ್ನೂ ಸೇರಿಸಿಕೊಂಡಿದ್ದೆ.

ಶೇರು ಕೊಳ್ಳುವ ಆ್ಯಪ್ ಎಂದು ಮೇಡಂ ಒಂದು ಲಿಂಕು ಕಳಿಸಿದಳು. ಅದನ್ನು ಎಲ್ಲರೂ ಆ್ಯಪ್ ಇಳಿಸಿಕೊಳ್ಳುವ ಫೋನಿನೊಳಗಿನ ಅಂಗಡಿಯಿಂದ ಇಳಿಸುವಂತಿಲ್ಲ, ಏಕೆಂದರೆ ಇದು ಸಂಸ್ಥೆಗಳ ಖಾತೆಯಂತೆ, ಸಾಮಾನ್ಯರಿಗೆ ಕಾಣುವುದಿಲ್ಲವಂತೆ. ಫೋನು ಎರಡು ಸಲ ಎಚ್ಚರಿಸಿತು, ಇದು ಅಪಾಯಕಾರಿಯಾಗಿರಬಹುದು ಎಂದು. ಎರಡು ಸಲವೂ ಪರವಾಗಿಲ್ಲ ಎಂದು ಒತ್ತಿದೆ. ಆಧಾರ್ ಕಾರ್ಡಿನ ಫೋಟೋ, ಪ್ಯಾನ್ ಕಾರ್ಡಿನ ಫೋಟೋ, ನನ್ನ ಮುಖದ ಫೋಟೋ ಕೇಳಿದರು, ಕೊಟ್ಟೆ. ಇಷ್ಟೆಲ್ಲ ಕೇಳುತ್ತಾರೆಂದರೆ ಕಟ್ಟುನಿಟ್ಟಿನ ಜನ ಎಂದು ಮೆಚ್ಚಿಕೊಂಡೆ.

ಇಷ್ಟಾದರೂ ನಾನು ಅಡತಿಯವನು. ಚೀಲ ತೆರೆಯದೆ ಮಾಲು ಕೊಳ್ಳುವವನಲ್ಲ. ನಮ್ಮಲ್ಲಿ ಪದ್ಧತಿ ಏನೆಂದರೆ, ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ ಒಂದು ಹಿಡಿ ಕಾಳು ತೆಗೆಯುತ್ತೇವೆ. ಆ ಹಿಡಿ ಚೆನ್ನಾಗಿದ್ದರೆ ಚೀಲ ಚೆನ್ನಾಗಿದೆ, ನಾಲ್ಕು ಚೀಲ ಚೆನ್ನಾಗಿದ್ದರೆ ರಾಶಿ ಚೆನ್ನಾಗಿದೆ. ಇಡೀ ವ್ಯಾಪಾರ ನಡೆಯುವುದೇ ಆ ಹಿಡಿ ಕಾಳಿನ ಮೇಲೆ. ಹಾಗೇ ಐವತ್ತು ಸಾವಿರ ಹಾಕಿದೆ. ವಾರದಲ್ಲಿ ಅದು ಅರವತ್ತೆರಡಾಯಿತು. ಆಗ ಸ್ಯಾಂಪಲ್ ತೆಗೆಯುವ ಮನಸ್ಸಾಗಿ ಆರು ಸಾವಿರ ವಾಪಸು ಕೇಳಿದೆ. ಅರ್ಧ ತಾಸಿನಲ್ಲಿ ನನ್ನ ಬ್ಯಾಂಕಿಗೆ ಬಂತು. ಆರು ಸಾವಿರ, ಪೂರ್ತಿ, ಮೆಸೇಜು ಸಮೇತ. ನಾನು ಗಾದಿಯ ಮೇಲೆ ನೆಟ್ಟಗೆ ಕುಳಿತೆ. ಹಿಡಿ ಕಾಳು ಚೆನ್ನಾಗಿತ್ತು.

ತೊಗರಿ ಬೆಳೆಯುವವನು ಚೀಲದ ಬಾಯಲ್ಲಿ ಒಳ್ಳೆಯ ಕಾಳು, ತಳದಲ್ಲಿ ಕಲ್ಲು ಹಾಕಿದರೆ ನಾವು ಹಿಡಿಯುತ್ತೇವೆ, ಕೊಳವೆಯನ್ನು ತಳದವರೆಗೂ ಇಳಿಸುತ್ತೇವೆ. ಈ ಚೀಲಕ್ಕೆ ತಳವೇ ಇರಲಿಲ್ಲ, ಕೊಳವೆ ಇಳಿಸುವುದೆಲ್ಲಿ?

ಎರಡು ಲಕ್ಷ ಹಾಕಿದೆ, ಆಮೇಲೆ ನಾಲ್ಕು ಲಕ್ಷ. ಪ್ರತಿ ಸಲವೂ ಮೇಡಂ ಬೇರೆ ಬೇರೆ ಖಾತೆಯ ನಂಬರು ಕೊಡುತ್ತಿದ್ದಳು. ಒಮ್ಮೆ ಯಾವುದೋ ಟ್ರೇಡರ್ಸು, ಒಮ್ಮೆ ಯಾವುದೋ ಎಂಟರ್‌ಪ್ರೈಸಸ್ಸು, ಒಮ್ಮೆ ರೆಡಿಮೇಡ್ ಬಟ್ಟೆಯ ಅಂಗಡಿ. ಬೇರೆ ಯಾರಾದರೂ ಆಗಿದ್ದರೆ, ಶೇರು ಕೊಳ್ಳುವ ಹಣ ಬಟ್ಟೆ ಅಂಗಡಿಗೆ ಯಾಕೆ ಹೋಗುತ್ತದೆ ಎಂದು ಕೇಳುತ್ತಿದ್ದರು. ನನಗೆ ಇದರಲ್ಲಿ ವಿಚಿತ್ರವೇ ಕಾಣಲಿಲ್ಲ. ನಮ್ಮ ದಾಲ್ ಮಿಲ್ಲಿನವರು ಹಾಗೇ. ಮಾಲು ಒಯ್ಯುವುದು ಒಂದು ಹೆಸರಿನಲ್ಲಿ, ಹಣ ಬರುವುದು ಭಾವಮೈದುನನ ಅಂಗಡಿಯ ಖಾತೆಯಿಂದ, ಉಳಿದದ್ದು ಇನ್ನಾರದೋ ಹೆಸರಿನಿಂದ. ನಾನೂ ಹಾಗೆ ಕಳಿಸಿದ್ದೇನೆ. ಬ್ಯಾಂಕಿನ ಮ್ಯಾನೇಜರ್ ಮೇಡಂ ಒಮ್ಮೆ ಹಣ ಕಳಿಸುವ ಚೀಟಿ ನೋಡಿ ಕೇಳಿದರು.

"ಇದು ಯಾವ ಪಾರ್ಟಿರೀ, ಹೊಸದು ಕಾಣ್ತದ?"

"ತೊಗರಿ ಪಾರ್ಟಿರಿ" ಅಂದೆ. ಚೀಟಿಯಲ್ಲೂ ತೊಗರಿ ಖರೀದಿ ಎಂದೇ ಬರೆದೆ. ಹಾಗೆ ಬರೆಯಲು ಗುಂಪಿನ ಮೇಡಂ ಹೇಳಿದ್ದಳು, ಶೇರು ಎಂದು ಬರೆದರೆ ಬ್ಯಾಂಕಿನವರು ಹೊಟ್ಟೆಕಿಚ್ಚಿನಿಂದ ತಡೆಯುತ್ತಾರಂತೆ.

ಜೇವರ್ಗಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ನನ್ನ ಷಡ್ಡಕನಿಗೆ ಆ್ಯಪಿನ ಫೋಟೋ ಕಳಿಸಿದೆ. ಉರಿಯಲಿ ಎಂದೇ ಕಳಿಸಿದ್ದು. ಅವನು ಫೋನು ಮಾಡಿದ.

"ಅಣ್ಣಾ, ಇದರಾಗಿಂದ ಒಂದು ಲಕ್ಷ ತಗದು ಬ್ಯಾಂಕಿನಾಗ ತೋರಿಸು. ಆಮ್ಯಾಲ ನಾನೂ ಬರ್ತೇನಿ."

"ಬೆಳಿಯೋ ಗಿಡಾ ಯಾರರ ಕಡೀತಾರೇನೋ?" ಅಂದೆ. ಆ ಮಾತು ನನ್ನದಲ್ಲ, ಪ್ರೊಫೆಸರ್ ಬೆಳಿಗ್ಗೆ ಹೇಳಿದ್ದು.

ಮಟಕಿ ಎಂಬ ಹಳ್ಳಿಯ ಹೆಣ್ಣುಮಗಳೊಬ್ಬಳ ವಿಷಯ ಇಲ್ಲಿ ಹೇಳಬೇಕು. ಇದುವರೆಗೆ ಬರೆದದ್ದು ನಗುವುದಕ್ಕಾಯಿತು. ಇನ್ನು ಮುಂದಿನದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ.

ನಮ್ಮ ಕಡೆ ತೊಗರಿ ಮಾರಿದ ಹಣವನ್ನೆಲ್ಲ ರೈತರು ಅಂದೇ ಒಯ್ಯುವುದಿಲ್ಲ. ಬೇಕಾದಷ್ಟು ತೆಗೆದುಕೊಂಡು ಉಳಿದದ್ದನ್ನು ಅಡತಿ ಅಂಗಡಿಯಲ್ಲೇ ಬಿಡುತ್ತಾರೆ. ಬ್ಯಾಂಕು ದೂರ, ಮನೆಯಲ್ಲಿಟ್ಟರೆ ಕರಗುತ್ತದೆ, ಸಾವ್ಕಾರನ ಹತ್ತಿರ ಇದ್ದರೆ ಕೇಳಿದಾಗ ಸಿಗುತ್ತದೆ. ಕಾಗದ ಪತ್ರ ಇಲ್ಲ, ನನ್ನ ಕೈಬರಹದ ಒಂದು ಸಾಲು ಅಷ್ಟೇ. ಮಟಕಿಯ ಆ ಹೆಣ್ಣುಮಗಳು, ಐವತ್ತು ದಾಟಿದವಳು, ಗಂಡ ಇಲ್ಲ, ನಾಲ್ಕು ಎಕರೆ ತಾನೇ ನಿಂತು ಮಾಡಿಸುತ್ತಾಳೆ. ಸಾಲ ಎಂಬುದನ್ನು ಜನ್ಮದಲ್ಲಿ ಮಾಡಿದವಳಲ್ಲ. ನಾಲ್ಕು ಸುಗ್ಗಿಯಿಂದ ನನ್ನ ಹತ್ತಿರ ಹಣ ಬಿಡುತ್ತಿದ್ದಳು. ಅವಳ ಹೊಲಕ್ಕೆ ಅಂಟಿಕೊಂಡು ಒಂದು ಸಣ್ಣ ತುಂಡು ಹೊಲ ಇತ್ತು, ರಸ್ತೆಯ ಕಡೆಗೆ. ಆ ತುಂಡು ಬೇರೆಯವರದಾದ್ದರಿಂದ ಅವಳ ಬಂಡಿ, ಟ್ರ್ಯಾಕ್ಟರು ಎಲ್ಲ ಹಳ್ಳ ಸುತ್ತಿಕೊಂಡು ಹೋಗಬೇಕಿತ್ತು. ಅದನ್ನು ಕೊಳ್ಳಬೇಕೆಂಬುದು ಅವಳ ಒಂದೇ ಆಸೆ. ಕೊನೆಗೆ ಅದರ ಯಜಮಾನ ಮಾರಲು ಒಪ್ಪಿದ್ದ. ಮುಂಗಡ ಕೊಟ್ಟಿದ್ದಳು. ದೀಪಾವಳಿಗೆ ಮುಂಚೆ ಆಳಂದದ ರಿಜಿಸ್ಟ್ರಿ ಕಚೇರಿಯಲ್ಲಿ ದಿನ ಗೊತ್ತಾಗಿತ್ತು. ನನ್ನ ಹತ್ತಿರ ಅವಳದು ಮೂರು ಲಕ್ಷ ನಲವತ್ತು ಸಾವಿರ ಇತ್ತು.

ಐಪಿಒ ಬಂದದ್ದು ಆಗ. ಒಂದು ಕಂಪನಿ ಹೊಸದಾಗಿ ಜನರಿಗೆ ಶೇರು ಕೊಡುತ್ತಿತ್ತು. ಕಂಪನಿ ನಿಜ, ಪತ್ರಿಕೆಯಲ್ಲೂ ಬಂದಿತ್ತು, ಟಿವಿಯಲ್ಲೂ ಬಂದಿತ್ತು. ಸಾಮಾನ್ಯ ಜನ ಅರ್ಜಿ ಹಾಕಿದರೆ ಅದೃಷ್ಟವಿದ್ದವರಿಗೆ ಒಂದಿಷ್ಟು ಸಿಗುತ್ತದೆ, ಇಲ್ಲದವರಿಗೆ ಇಲ್ಲ. ನಮ್ಮ ಆ್ಯಪಿನಲ್ಲಿ ಮಾತ್ರ ಸಂಸ್ಥೆಗಳ ಕೋಟಾ, ಖಂಡಿತ ಸಿಗುತ್ತದೆ, ದರವೂ ಕಡಿಮೆ. ನಾನು ಮುನ್ನೂರು ಶೇರಿಗೆ ಒತ್ತಿದೆ. ಎರಡು ದಿನದ ನಂತರ ಅಭಿನಂದನೆ ಬಂತು, ಪಟಾಕಿಯ ಚಿತ್ರದೊಂದಿಗೆ. ನನಗೆ ಹಂಚಿಕೆಯಾದದ್ದು ಮುನ್ನೂರಲ್ಲ, ಕೆಲವು ಸಾವಿರ ಶೇರು. ಕೇಳಿದ್ದಕ್ಕಿಂತ ಹೆಚ್ಚು ಕೊಡುವ ಊರು ನಾನು ಕಂಡಿಲ್ಲ. ಗುಂಪಿನಲ್ಲಿದ್ದವರೆಲ್ಲ ಹೊಗಳಿದರು, ನಿಮ್ಮಷ್ಟು ಯಾರಿಗೂ ಬಂದಿಲ್ಲ ಎಂದರು. ನನಗೂ ಮೀಸೆ ತಿರುವುವ ಮನಸ್ಸಾಯಿತು.

ಆದರೆ ಬಾಕಿ ಹತ್ತೂವರೆ ಲಕ್ಷ ಎರಡು ದಿನದಲ್ಲಿ ಕಟ್ಟಬೇಕು. ಕಟ್ಟದಿದ್ದರೆ ಖಾತೆ ಮುಟ್ಟುಗೋಲು, ಹಾಕಿದ್ದೂ ಹೋಯಿತು, ಜೊತೆಗೆ ದಂಡ.

"ನನಗ ಮುನ್ನೂರು ಸಾಕ್ರಿ" ಎಂದು ಬರೆದೆ. ಹಂಚಿಕೆ ವಾಪಸು ಪಡೆಯಲು ಬರುವುದಿಲ್ಲ ಸರ್, ಇದು ಸರಕಾರದ ನಿಯಮ, ಎಂದಳು ಮೇಡಂ. ಅಂದು ಊಟವಾಯಿತೇ ಎಂದು ಕೇಳಲಿಲ್ಲ.

ನನ್ನ ಹತ್ತಿರ ಒಟ್ಟುಗೂಡಿಸಿದ್ದು ಏಳು ಲಕ್ಷ ಹತ್ತು ಸಾವಿರ. ಬೇಕಾದದ್ದು ಇನ್ನು ಮೂರು ಲಕ್ಷ ನಲವತ್ತು ಸಾವಿರ. ಎರಡು ಮೊತ್ತ ಇಷ್ಟು ಸರಿಯಾಗಿ ಹೊಂದಿದಾಗ ಮನುಷ್ಯ ಅದನ್ನು ದೇವರ ಇಚ್ಛೆ ಎಂದು ಕರೆಯುತ್ತಾನೆ. ರಿಜಿಸ್ಟ್ರಿಗೆ ಇನ್ನೂ ಮೂರು ವಾರ ಇತ್ತು. ಹತ್ತು ದಿನದಲ್ಲಿ ಶೇರು ಮಾರಿ ಅವಳದನ್ನು ಇಟ್ಟುಬಿಡುತ್ತೇನೆ, ಐದು ಸಾವಿರ ಹೆಚ್ಚಿಗೆ ಕೊಡುತ್ತೇನೆ ಎಂದುಕೊಂಡೆ. ಆ ಐದು ಸಾವಿರ ಯೋಚಿಸಿದ್ದಕ್ಕೆ ನನ್ನ ಬಗ್ಗೆ ನನಗೇ ಗೌರವ ಮೂಡಿತು. ಅವಳನ್ನು ಕೇಳಲಿಲ್ಲ. ಮೂರು ಖಾತೆಗಳಿಗೆ, ಮೂರು ಚೀಟಿ, ಮೂರರ ಮೇಲೂ ತೊಗರಿ.

ಶೇರು ಮಾರುಕಟ್ಟೆಗೆ ಬಂದ ದಿನ ನಾನು ಅಫಜಲಪುರದ ಕಡೆ ಸಂಬಂಧಿಕರ ನಿಶ್ಚಿತಾರ್ಥದಲ್ಲಿದ್ದೆ, ಸೊನ್ನದ ಬ್ಯಾರೇಜಿನಿಂದ ಅಷ್ಟು ದೂರವಿಲ್ಲದ ಹಳ್ಳಿ. ಟಿವಿಯಲ್ಲಿ ಆ ಕಂಪನಿಯ ದರ ಏರಿತು. ಆ್ಯಪಿನಲ್ಲೂ ಅದೇ ದರ, ಪೈಸೆಯ ವ್ಯತ್ಯಾಸವಿಲ್ಲ. ನನ್ನ ಖಾತೆ ಏರುತ್ತ ಏರುತ್ತ ನಲವತ್ತಾರು ಲಕ್ಷದಲ್ಲಿ ನಿಂತಿತು. ಊಟದ ಪಂಕ್ತಿಯಲ್ಲಿ ಕೂತ ಅಷ್ಟೂ ಜನರಿಗೆ ಫೋನು ತೋರಿಸಿದೆ. ಹೋಳಿಗೆ ಬಡಿಸಲು ಬಂದವನಿಗೂ ತೋರಿಸಿದೆ. ಹೆಂಡತಿ ದೂರದ ಸಾಲಿನಿಂದ ಕಣ್ಣು ಬಿಟ್ಟಳು, ನಾನು ಕಾಣದವನಂತೆ ತುಪ್ಪ ಹಾಕಿಸಿಕೊಂಡೆ. ಕಬ್ಬು ಬೆಳೆಯುವ ಒಬ್ಬರು ಕೈ ತೊಳೆಯುವಲ್ಲಿ ಮೆಲ್ಲಗೆ ಬಂದು ಕೇಳಿದರು.

"ನಮಗೂ ಆ ಲಿಂಕ್ ಕೊಡ್ರಿ. ಫ್ಯಾಕ್ಟರಿ ಬಿಲ್ಲು ಬಂದದ."

"ಅದು ಎಲ್ಲಾರಿಗೂ ಸಿಗೂದಿಲ್ರಿ" ಅಂದೆ. ಒಳ್ಳೆಯದು ನನಗೊಬ್ಬನಿಗೇ ಇರಲಿ ಎಂಬ ಜಿಪುಣತನ ಅದು. ಅವರ ಕಬ್ಬಿನ ಹಣ ಉಳಿದದ್ದು ನನ್ನ ಆ ಜಿಪುಣತನದಿಂದ. ಇಡೀ ಪ್ರಕರಣದಲ್ಲಿ ನಾನು ಯಾರಿಗಾದರೂ ಉಪಕಾರ ಮಾಡಿದ್ದರೆ ಅವರೊಬ್ಬರಿಗೆ.

ಊರಿಗೆ ಬಂದು ಐದು ಲಕ್ಷ ತೆಗೆಯಲು ಒತ್ತಿದೆ. ಪರಿಶೀಲನೆಯಲ್ಲಿದೆ ಎಂದು ಬಂತು. ಮರುದಿನವೂ ಪರಿಶೀಲನೆ. ಮೂರನೇ ದಿನ ಮೇಡಂ ಬರೆದಳು. ನಿಮ್ಮ ಲಾಭ ಇಪ್ಪತ್ತೊಂಬತ್ತು ಲಕ್ಷ, ಅದರ ಮೇಲೆ ನೂರಕ್ಕೆ ಇಪ್ಪತ್ತರಂತೆ ತೆರಿಗೆ, ಐದು ಲಕ್ಷ ಎಂಬತ್ತು ಸಾವಿರ. ಅದನ್ನು ಕಟ್ಟಿದ ಕೂಡಲೇ ಇಡೀ ಮೊತ್ತ ನಿಮ್ಮ ಬ್ಯಾಂಕಿಗೆ ಬರುತ್ತದೆ. ವರ್ಷ ವರ್ಷವೂ ಆಡಿಟರ ಕೈಯಲ್ಲಿ ತೆರಿಗೆಯ ಕಾಗದ ಮಾಡಿಸುವವನು ನಾನು. ತೆರಿಗೆಯನ್ನು ಸರಕಾರಕ್ಕೆ ಕಟ್ಟುತ್ತೇವೆ, ಅಂಗಡಿಯವನಿಗೆ ಮುಂಗಡ ಕಟ್ಟುವುದಿಲ್ಲ ಎಂಬುದು ನನಗೆ ಗೊತ್ತಿಲ್ಲದ್ದಲ್ಲ. ಆದರೆ ಕಣ್ಣ ಮುಂದೆ ನಲವತ್ತಾರು ಲಕ್ಷ ಕಾಣುತ್ತಿದ್ದವನಿಗೆ ಗೊತ್ತಿರುವುದೆಲ್ಲ ಮರೆಯುತ್ತದೆ. ಅಂಗಳದಲ್ಲಿ ನನ್ನಿಂದ ನಾಲ್ಕನೇ ಅಂಗಡಿಯವರ ಬಳಿ ಆ ಹಣ ಕೈಗಡ ಕೇಳಿ ಇಟ್ಟಿದ್ದೆ. ಅವರು ಸಂಜೆ ಕೊಡುತ್ತೇನೆ ಅಂದಿದ್ದರು.

ಅಂದು ಮಧ್ಯಾಹ್ನ ಮಟಕಿಯಿಂದ ಅವಳು ಬಂದಳು. ಚೀಲದಲ್ಲಿ ಪಹಣಿ, ಆಧಾರ್, ಫೋಟೋ ಎಲ್ಲ ತಂದಿದ್ದಳು. ಹೊಸ ಸೀರೆ ಉಟ್ಟಿದ್ದಳು.

"ಸಾವ್ಕಾರ್ರ, ನಾಡದಿಗಿ ರಿಜಿಸ್ಟ್ರಿ ಅದರಿ. ರೊಕ್ಕ ಒಯ್ಯಾಕ ಬಂದೇನಿ."

"ಎಂಟು ದಿನ ತಡಿಯಕ್ಕಾ" ಅಂದೆ. "ರೊಕ್ಕ ಎಲ್ಲೂ ಹೋಗಿಲ್ಲ."

"ಎಂಟು ದಿನ ಯಾಕ್ರಿ? ನಾಡದು ಬಾ ಅಂದಾರ ಅವರು."

ಮುಚ್ಚಿಡಬಹುದಿತ್ತು. ಹಣ ಕಲಬುರಗಿಯಿಂದ ಬರಬೇಕು ಎಂದು ಸುಳ್ಳು ಹೇಳಬಹುದಿತ್ತು. ಆದರೆ ನನ್ನೊಳಗಿದ್ದ ಜಂಬ ಇನ್ನೂ ಸತ್ತಿರಲಿಲ್ಲ. ಫೋನು ತೆಗೆದು ತೋರಿಸಿದೆ.

"ನೋಡಿಲ್ಲಿ. ನಲವತ್ತಾರು ಲಕ್ಷ ಅದ."

ಅವಳಿಗೆ ಓದು ಬಾರದು, ಅಂಕಿ ಬರುತ್ತದೆ. ಫೋನನ್ನು ಕೈಗೆ ತೆಗೆದುಕೊಂಡು ದೂರ ಹಿಡಿದು ನೋಡಿದಳು.

"ಇದು ಯಾರದ್ರಿ?"

"ನಂದು."

"ಖರೇನು?"

"ಖರೇ ಅಂತೇನಿ."

"ಹಂಗಾರ ನಂದು ಮೂರು ಲಕ್ಷ ನಲವತ್ತು ಸಾವಿರ ಇದರಾಗಿಂದ ತಗದು ಕೊಡ್ರಿ."

ಎಷ್ಟು ಸರಳ ಮಾತು. ನಾನು ಅವಳಿಗೆ ತೆರಿಗೆ ವಿವರಿಸತೊಡಗಿದೆ. ಮೊದಲು ಐದು ಲಕ್ಷ ಎಂಬತ್ತು ಸಾವಿರ ಕಟ್ಟಬೇಕು, ಆಮೇಲೆ ಬಿಡುತ್ತಾರೆ, ದೊಡ್ಡ ವ್ಯವಹಾರದ ಪದ್ಧತಿ ಹೀಗೇ ಇರುತ್ತದೆ ಎಂದೆ. ಅವಳು ಪೂರ್ತಿ ಕೇಳಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ಹಾಕುವವರ ಮುಖ ಇತ್ತು.

"ಇದರಾಗ ಹಿಡ್ಕೊಂಡು ಉಳಿದದ್ದು ಕೊಡ್ರಿ ಅನ್ರಿ ಅವರಿಗಿ. ನಮ್ಮ ತೊಗರಿ ಮಾರಿದಾಗ ಹಮಾಲಿ, ತೂಕದ ಖರ್ಚು ನೀವು ಹಿಡ್ಕೊಂಡೇ ಕೊಡ್ತೀರಲ್ಲ. ಮೊದಲ ಹಮಾಲಿ ರೊಕ್ಕ ಮನಿಯಿಂದ ತಂದು ಇಡು, ಆಮ್ಯಾಲ ನಿನ್ನ ತೊಗರಿ ರೊಕ್ಕ ಕೊಡ್ತೀನಿ ಅಂತ ಯಾವತ್ತರೆ ಅಂದೀರೇನು?"

ಇಪ್ಪತ್ತೆಂಟು ವರ್ಷದಲ್ಲಿ ಎಂದೂ ಅಂದಿಲ್ಲ. ಅಂದಿದ್ದರೆ ರೈತರು ನನ್ನನ್ನು ಅಂಗಳದಲ್ಲೇ ಹಿಡಿದು ಕೇಳುತ್ತಿದ್ದರು. ಪ್ರತಿದಿನ ಹತ್ತು ಸಲ ಮಾಡುವ ಕೆಲಸ, ಕೊಡಬೇಕಾದುದರಲ್ಲಿ ಬರಬೇಕಾದುದನ್ನು ಹಿಡಿದು ಉಳಿದದ್ದು ಕೊಡುವುದು, ಅದು ನನ್ನ ತಲೆಗೆ ಹೊಳೆದಿರಲಿಲ್ಲ.

ಅವಳ ಮುಂದೆಯೇ ಮೇಡಂಗೆ ಬರೆದೆ. ನಲವತ್ತಾರು ಲಕ್ಷದಲ್ಲಿ ನಿಮ್ಮ ತೆರಿಗೆ ಹಿಡಿದುಕೊಂಡು ಉಳಿದ ನಲವತ್ತು ಲಕ್ಷ ಇಪ್ಪತ್ತು ಸಾವಿರ ಕಳಿಸಿ. ನಿಮಿಷದೊಳಗೆ ಉತ್ತರ ಬಂತು. ಸರ್, ನಿಯಮದ ಪ್ರಕಾರ ಖಾತೆಯ ಮೊತ್ತದಿಂದ ಕಡಿತ ಸಾಧ್ಯವಿಲ್ಲ, ಹೊಸ ಹಣವನ್ನೇ ಜಮಾ ಮಾಡಬೇಕು, ಇಂದು ಕಟ್ಟದಿದ್ದರೆ ನಾಳೆಯಿಂದ ದಂಡ. ಓದಿ ಹೇಳಿದೆ.

ಅವಳು ಫೋನನ್ನು ನನ್ನ ಗಾದಿಯ ಮೇಲಿಟ್ಟಳು.

"ಅವರು ಕೊಡೋ ಮಂದಿ ಅಲ್ರಿ ಸಾವ್ಕಾರ್ರ. ಇಸ್ಕೊಳ್ಳೋ ಮಂದಿ." ಆಮೇಲೆ ಕೇಳಿದಳು, "ಅದರಾಗ ನನ್ನ ರೊಕ್ಕಾನೂ ಹಾಕೀರೇನು?"

ಹೌದು ಎಂದೆ. ಆ ಒಂದು ಮಾತು ಹೇಳುವಾಗ ಅವಳ ಮುಖ ನೋಡಲಾಗಲಿಲ್ಲ. ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನನಗೆ ಅನುಕೂಲವಾಗುತ್ತಿತ್ತು, ತಿರುಗಿ ಏನಾದರೂ ಹೇಳಬಹುದಿತ್ತು. ಚೀಲದ ಕಾಗದಗಳನ್ನು ಒಂದೊಂದಾಗಿ ತೆಗೆದು, ಮತ್ತೆ ಒಳಗಿಟ್ಟು, ಹೊರಗಿನ ಕಟ್ಟೆಯ ಮೇಲೆ ಹೋಗಿ ಕುಳಿತಳು.

ಬ್ಯಾಂಕಿಗೆ ಓಡಿದೆ. ಮ್ಯಾನೇಜರ್ ಮೇಡಂ ನನ್ನ ಪ್ಯಾನ್ ನಂಬರು ಕೇಳಿ, ಆ ಐಪಿಒದ ಹಂಚಿಕೆ ತೋರಿಸುವ ವೆಬ್‌ಸೈಟಿನಲ್ಲಿ ಹಾಕಿ ನೋಡಿದರು.

"ನಿಮ್ಮ ಹೆಸರಿಲೆ ಅರ್ಜಿನೇ ಇಲ್ರಿ. ಹಂಚಿಕಿ ಎಲ್ಲಿಂದ ಬರ್ತದ? ಖರೇ ಐಪಿಒ ಇದ್ರ ನಿಮ್ಮ ರೊಕ್ಕ ನಿಮ್ಮ ಖಾತ್ಯಾಗೇ ತಡದಿರ್ತದ. ಶೇರ್ ಸಿಕ್ರ ಹೋಗ್ತದ, ಸಿಗಲಿಲ್ಲಂದ್ರ ಅಲ್ಲೇ ಉಳೀತದ. ಬಟ್ಟಿ ಅಂಗಡಿಗಿ ಯಾರರ ಕಳಸ್ತಾರೇನ್ರಿ?"

ಟಿವಿಯಲ್ಲಿ ಕಂಡ ದರ ನಿಜ. ಕಂಪನಿ ನಿಜ. ನನ್ನ ಹದಿನೇಳು ಲಕ್ಷ ನಿಜ. ಆ್ಯಪಿನಲ್ಲಿದ್ದ ಶೇರು ಮಾತ್ರ ಇರಲೇ ಇಲ್ಲ. ಅವರು ಒಂದು ಪರದೆಯ ಮೇಲೆ ಅಂಕಿ ಬರೆದಿದ್ದರು, ನಾನು ಅದಕ್ಕೆ ಕೈಮುಗಿದಿದ್ದೆ.

ಸೈಬರ್ ಸಹಾಯವಾಣಿಗೆ ಅಲ್ಲಿಂದಲೇ ಫೋನು ಮಾಡಿ ದೂರು ಬರೆಸಿದೆ, ಮರುದಿನ ಕಲಬುರಗಿಯ ಸೈಬರ್ ಠಾಣೆಗೆ ಹೋದೆ. ಹಣ ಕಳಿಸಿದ ಒಂದೆರಡು ತಾಸಿನಲ್ಲಿ ಹೇಳಿದ್ದರೆ ಖಾತೆಯಲ್ಲೇ ತಡೆಯಬಹುದಿತ್ತು ಎಂದರು. ನಾನು ಬಂದದ್ದು ವಾರಗಳ ಮೇಲೆ, ಆ ವಾರಗಳಲ್ಲಿ ಹೋಳಿಗೆ ತಿನ್ನುತ್ತಿದ್ದೆ. ಹೆಡ್ ಕಾನ್‌ಸ್ಟೇಬಲ್ ಒಬ್ಬರು ಖಾತೆಗಳ ಪಟ್ಟಿ ನೋಡಿದರು. ಖಾತೆದಾರರು ಬೇರೆ ರಾಜ್ಯದ ಬಡವರು, ಕಮಿಷನ್ನಿಗೆ ಖಾತೆ ಬಾಡಿಗೆ ಕೊಟ್ಟವರು, ಹಣ ಅಲ್ಲಿಂದ ಅದೇ ದಿನ ಹತ್ತಾರು ಕಡೆ ಹರಿದು ಹೋಗಿತ್ತು. ಕೊನೆಯ ಒಂದು ಖಾತೆಯಲ್ಲಿ ನಲವತ್ತು ಸಾವಿರದಷ್ಟು ತಡೆದಿದ್ದಾರೆ. ಅದು ಬರಬೇಕಾದರೆ ಕೋರ್ಟಿನ ಆದೇಶ ಬೇಕು.

"ಆರು ಸಾವಿರ ಕೊಟ್ಟಿದ್ರಲ್ಲ, ಅದು ಯಾರ ರೊಕ್ಕ ಗೊತ್ತದೇನ್ರಿ?" ಎಂದು ಕೇಳಿದರು ಅವರು. "ನಿಮ್ಮಂಗ ಇನ್ನೊಬ್ಬ ಹಾಕಿದ್ದು."

ಗುಂಪಿನಲ್ಲಿ, ಇವರು ಕಳ್ಳರು, ಹಣ ಹಾಕಬೇಡಿ ಎಂದು ಬರೆದೆ. ಹತ್ತು ಎಣಿಸುವಷ್ಟರಲ್ಲಿ ನನ್ನನ್ನು ಹೊರಗೆ ಹಾಕಿದರು. ಆ ನೂರು ಜನರಲ್ಲಿ ನಿಜವಾದವರು ನಾನು ಮತ್ತು ನನ್ನಂಥ ನಾಲ್ಕಾರು ಕತ್ತೆಗಳು ಇದ್ದಿರಬಹುದು. ಉಳಿದವರೆಲ್ಲ ಒಂದೇ ಕೋಣೆಯಲ್ಲಿ ಕೂತು ಒಬ್ಬರನ್ನೊಬ್ಬರು ಅಭಿನಂದಿಸುವವರು. ಹದಿನೈದು ದಿನ ಬಿಟ್ಟು ಒಬ್ಬ ಫೋನು ಮಾಡಿದ. ನಿಮ್ಮ ಕಳೆದ ಹಣ ವಾಪಸು ಕೊಡಿಸುತ್ತೇವೆ, ಮೊದಲು ಸ್ವಲ್ಪ ಶುಲ್ಕ ಕಟ್ಟಿ ಎಂದ. ಅವನಿಗೆ ನಾನು ಕೊಟ್ಟ ಉತ್ತರವನ್ನು ಮುದ್ರಿಸಲು ಯಾವ ಪ್ರೆಸ್ಸೂ ಒಪ್ಪುವುದಿಲ್ಲ.

ಮಟಕಿಗೆ ಹೋಗಿ ಹೊಲದ ಯಜಮಾನನ ಮುಂದೆ ನಿಂತೆ. ತಪ್ಪು ನನ್ನದು, ಹೆಣ್ಣುಮಗಳದಲ್ಲ, ಹದಿನೈದು ದಿನ ಕೊಡಿ ಎಂದೆ. ಅವನು ಎಂಟು ದಿನ ಎಂದ. ರಸ್ತೆಯ ಪಕ್ಕದ ಜಾಗ, ಕಲಬುರಗಿಯವರೊಬ್ಬರು ನಗದು ಹಿಡಿದು ಕಾಯುತ್ತಿದ್ದಾರೆ ಎಂದ. ಜೇವರ್ಗಿಯಲ್ಲಿ ನನ್ನದೊಂದು ಪ್ಲಾಟು ಇತ್ತು. ಅದನ್ನು ಅಷ್ಟು ಬೇಗ ಕೊಳ್ಳುವವರು ಒಬ್ಬರೇ ಇದ್ದರು, ನನ್ನ ಷಡ್ಡಕ. ಅವನು ಶೇರಿನ ಸುದ್ದಿ ಎತ್ತಲಿಲ್ಲ, ಅಷ್ಟು ಸಭ್ಯತೆ ತೋರಿಸಿದ. ದರದಲ್ಲಿ ಮಾತ್ರ ತೋರಿಸಲಿಲ್ಲ.

"ಷಡ್ಡಕ ಅಂತ ಹೇಳಿ ಹೆಚ್ಚಿಗಿ ಕೊಡಾಕತ್ತೇನಿ ಅಣ್ಣಾ" ಎಂದು ಪೇಟೆಯ ದರಕ್ಕಿಂತ ಮೂರರಲ್ಲೊಂದು ಪಾಲು ಕಡಿಮೆಗೆ ಕೇಳಿದ. ಕೊಟ್ಟೆ. ಪತ್ರ ಬರೆಸುವುದು, ಕಚೇರಿಯ ಸರ್ವರ್ ಕೆಟ್ಟದ್ದು, ಹಬ್ಬದ ರಜೆ ಎಲ್ಲ ಸೇರಿ ಹಣ ನನ್ನ ಕೈಗೆ ಬಂದದ್ದು ಹನ್ನೊಂದನೆಯ ದಿನ.

ಆ ಸಂಜೆಯೇ ಅವಳ ಮನೆಗೆ ಹೋಗಿ ಮೂರು ಲಕ್ಷ ನಲವತ್ತು ಸಾವಿರ ಮುಂದಿಟ್ಟೆ. ಹೊಲ ಮೂರು ದಿನದ ಹಿಂದೆ ಬೇರೆಯವರದಾಗಿತ್ತು. ಕೊಟ್ಟ ಮುಂಗಡ ಅವಳಿಗೆ ವಾಪಸು ಬಂದಿತ್ತು. ಐದು ಸಾವಿರ ಹೆಚ್ಚಿಗೆ ಇಟ್ಟಿದ್ದೆ, ಅದನ್ನು ಬೇರೆ ತೆಗೆದು ನನ್ನ ಕಡೆಗೆ ಸರಿಸಿದಳು. ಚಹಾ ಕೊಟ್ಟಳು. ಕುಡಿಯದೆ ಏಳುವ ಧೈರ್ಯ ನನಗಾಗಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಹೊಸ ತೊಗರಿ ಬಂತು. ಅವಳು ಬರುವುದಿಲ್ಲ ಎಂದೇ ನಂಬಿದ್ದೆ. ಹದಿನಾಲ್ಕು ಚೀಲ ತಂದು ನನ್ನ ಅಂಗಡಿಯ ಮುಂದೆಯೇ ಇಳಿಸಿದಳು. ಟ್ರ್ಯಾಕ್ಟರು ಹಳ್ಳ ಸುತ್ತಿ ಬಂದದ್ದು ಚಕ್ರದ ಕೆಸರಿನಿಂದ ತಿಳಿಯುತ್ತಿತ್ತು. ರಸ್ತೆಯ ಕಡೆ ಹೊಸ ಯಜಮಾನ ತಂತಿ ಬೇಲಿ ಹಾಕಿಸಿದ್ದಾನೆ ಎಂದು ಟ್ರ್ಯಾಕ್ಟರಿನವನು ಹೇಳಿದ. ಹರಾಜಿನಲ್ಲಿ ಒಳ್ಳೆಯ ದರ ಸಿಕ್ಕಿತು. ಹಮಾಲಿ, ತೂಕದ ಖರ್ಚು ಹಿಡಿದುಕೊಂಡು ಉಳಿದದ್ದನ್ನು ಅವಳ ಮುಂದಿಟ್ಟೆ. ನನಗೆ ಒಂದು ಆಸೆ ಇತ್ತು. ಹಿಂದಿನಂತೆ ಅರ್ಧವನ್ನಾದರೂ ನನ್ನ ಕಡೆ ತಳ್ಳಿಯಾಳು, ಹಾಗೆ ತಳ್ಳಿದರೆ ನಾನು ಮತ್ತೆ ಮನುಷ್ಯನಾಗುತ್ತೇನೆ ಎಂದು. ಅವಳು ಎಲ್ಲವನ್ನೂ ಸೆರಗಿಗೆ ಕಟ್ಟಿಕೊಂಡಳು.

ಬಾಯಿ ತಡೆಯಲಿಲ್ಲ, ಕೇಳಿಯೇಬಿಟ್ಟೆ.

"ಏನೂ ಇಡೂದಿಲ್ಲೇನಕ್ಕಾ? ಈಗ ನಾ ಮುಟ್ಟೂದಿಲ್ಲ, ಮಕ್ಕಳಾಣೆ."

"ನಿಮ್ಮ ಮ್ಯಾಲ ಸಿಟ್ಟಿಲ್ರಿ ಸಾವ್ಕಾರ್ರ" ಅಂದಳು. ಗಂಟು ಬಿಗಿ ಮಾಡಿ ಎದ್ದು ನಿಂತಳು. "ಕೂಡಿಟ್ಟರ ಯಾತಕ್ಕರಿ? ಕೊಳ್ಳಾಕ ಆ ಹೊಲ ಎಲ್ಲದ?"